ಬಣ್ಣ, ಹರವು, ಸ್ಪರ್ಶ

ಆ ಆಸ್ಪತ್ರೆಗೆ ಬರುವವರು ಯಾರೂ ಅವಳನ್ನು ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎಲ್ಲರ ಬಾಯಲ್ಲೂ ಅವಳು ಫೋಟೋ ಸಿಸ್ಟರ್. ಚುಚ್ಚುಮದ್ದು ಹಾಕುವ ಸಿಸ್ಟರ್ ಬೇರೆ ಇದ್ದರು. ಅವರನ್ನು ಕಂಡರೆ ಮಕ್ಕಳು ಅಳುತ್ತಿದ್ದವು. ಫೋಟೋ ಸಿಸ್ಟರನ್ನು ಕಂಡರೆ ದೊಡ್ಡವರು ತಲೆ ಬಾಚಿಕೊಳ್ಳುತ್ತಿದ್ದರು. ಮೊಣಕಾಲಿನ ಫೋಟೋ ತೆಗೆಸಿಕೊಳ್ಳಲು ಬಂದವರೂ ಮುಖಕ್ಕೆ ಪೌಡರ್ ಹಚ್ಚಿಕೊಂಡು ಕೂರುವುದುಂಟು.

ಮೂರು ಕೋಣೆಯ ಪುಟ್ಟ ಆಸ್ಪತ್ರೆ ಅದು. ಅಲ್ಲಿ ಚರ್ಮದ ಡಾಕ್ಟರ್ ಇಲ್ಲ. ಚರ್ಮದ ಡಾಕ್ಟರಮ್ಮ ಇರುವುದು ಒಂದು ಹಗಲಿನ ಪ್ರಯಾಣದಷ್ಟು ದೂರದ ದೊಡ್ಡ ಆಸ್ಪತ್ರೆಯಲ್ಲಿ. ಇಲ್ಲಿ ಯಾರ ಮೈಮೇಲೆ ಏನು ಎದ್ದರೂ ಫೋಟೋ ಸಿಸ್ಟರ್ ಕಿಟಕಿಯ ಹತ್ತಿರ ಕೂರಿಸಿ ಫೋಟೋ ತೆಗೆದು, ಕೆಳಗೆ ಮೂರು ಸಾಲು ಬರೆದು ಕಳಿಸಬೇಕು. ಮೊದಲನೆಯದು ಬಣ್ಣ, ಎರಡನೆಯದು ಹರವು, ಮೂರನೆಯದು ಸ್ಪರ್ಶ. ಸಂಜೆಯೊಳಗೆ ಡಾಕ್ಟರಮ್ಮನ ಉತ್ತರ ಬರುತ್ತಿತ್ತು. ಇಷ್ಟು ವರ್ಷ ಕೂಡಿ ಕೆಲಸ ಮಾಡಿದ ಆ ಇಬ್ಬರು ಹೆಂಗಸರು ಒಮ್ಮೆಯೂ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

ಮೂರು ಸಾಲಿನಲ್ಲಿ ಕಾಯಿಲೆಯ ಹೆಸರಿಗೆ ಜಾಗವಿರಲಿಲ್ಲ. ಅದಕ್ಕೊಂದು ಕಾರಣವಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬ ಲಾರಿ ಚಾಲಕ ತೋಳಿನ ಮೇಲೆ ದುಂಡನೆಯ ಗುರುತು ಹೊತ್ತು ಬಂದಿದ್ದ. ಇದರಲ್ಲೇನಿದೆ ಮಹಾ ಎಂದುಕೊಂಡ ಇವಳು ಕೆಳಗೆ ‘ಗಜಕರ್ಣ’ ಎಂದು ಬರೆದು ಕಳಿಸಿದಳು. ಡಾಕ್ಟರಮ್ಮನಿಗೂ ಅವತ್ತು ತಲೆ ಕೆರೆದುಕೊಳ್ಳಲು ಪುರುಸೊತ್ತಿರಲಿಲ್ಲ. ಅದಕ್ಕೇ ಔಷಧಿ ಬರೆದರು. ಗುರುತು ದೊಡ್ಡದಾಯಿತೇ ಹೊರತು ಮಾಯಲಿಲ್ಲ. ಕೊನೆಗೆ ನೋಡಿದರೆ ಅದು ಬೇರೆಯೇ ಏನೋ ಆಗಿತ್ತು. ಆಗ ಡಾಕ್ಟರಮ್ಮ ಫೋನು ಮಾಡಿ ಹೇಳಿದ್ದರು: “ಸಿಸ್ಟರ್, ನೀವು ಹೆಸರು ಬರೆದ್ರಿ, ನಾನು ಆ ಹೆಸರನ್ನೇ ನೋಡಿದೆ, ಚರ್ಮ ನೋಡ್ಲಿಲ್ಲ. ಇನ್ಮೇಲೆ ಹೆಸರಿಡೋ ಕೆಲಸ ನನಗೆ ಬಿಡಿ. ನಿಮ್ಮ ಕಣ್ಣಿಗೆ ಕಂಡದ್ದು, ಬೆರಳಿಗೆ ಸಿಕ್ಕಿದ್ದು, ಅಷ್ಟು ಕೊಡಿ ಸಾಕು.”

ಹೇಳುವುದು ಸುಲಭ. ಕಂಡದ್ದನ್ನು ಮಾತ್ರ ಹೇಳುವುದು ಎಷ್ಟು ಕಷ್ಟ ಎಂಬುದು ಬರೆಯಲು ಕೂತವರಿಗೇ ಗೊತ್ತು. ಕೆಂಪು ಎಂದು ಬರೆದರೆ ಯಾವ ಕೆಂಪು? ಕಪ್ಪು ಮೈಯವರಲ್ಲಿ ಕೆಂಪು ಕೆಂಪಾಗಿ ಕಾಣುವುದೇ ಇಲ್ಲ. ನೇರಳೆಯಾಗಿಯೋ ಗಾಢ ಕಂದಾಗಿಯೋ ಕಾಣುತ್ತದೆ. ಆದ್ದರಿಂದ ಅದೇ ಮನುಷ್ಯನ ಚೆನ್ನಾಗಿರುವ ಚರ್ಮವನ್ನೂ ಪಕ್ಕದಲ್ಲಿ ಸೇರಿಸಿ ತೆಗೆಯಬೇಕು. ಒತ್ತಿದರೆ ಬಣ್ಣ ಹೋಗುತ್ತದೋ ಹಾಗೇ ನಿಲ್ಲುತ್ತದೋ ನೋಡಬೇಕು. ಒಂದು ಫೋಟೋ ದೂರದಿಂದ, ಎಲ್ಲೆಲ್ಲಿ ಹರಡಿದೆ ಎಂದು ತಿಳಿಯಲು. ಒಂದು ಹತ್ತಿರದಿಂದ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಫ್ಲ್ಯಾಷ್ ಹಾಕಿದರೆ ಉಬ್ಬಿದ್ದೆಲ್ಲ ಚಪ್ಪಟೆಯಾಗಿ ಬಿಡುತ್ತದೆ. ಬೆಳಕು ಓರೆಯಾಗಿ ಬೀಳಬೇಕು, ಆಗ ಗುಳ್ಳೆಗೂ ಪುಟ್ಟ ನೆರಳು ಮೂಡುತ್ತದೆ. ಒಬ್ಬಳು ಹುಡುಗಿ ಕೆನ್ನೆಯ ಗುಳ್ಳೆಯನ್ನು ತನ್ನದೇ ಫೋನಿನಲ್ಲಿ ತೆಗೆದು ಕಳಿಸಿದ್ದಳು. ಆ ಫೋನು ಎಲ್ಲರ ಮುಖವನ್ನೂ ತಾನಾಗಿಯೇ ಚೆಂದ ಮಾಡುವ ಫೋನು. ಫೋಟೋದಲ್ಲಿ ಗುಳ್ಳೆಯೂ ಇಲ್ಲ, ಕಲೆಯೂ ಇಲ್ಲ, ಕೆನ್ನೆ ಬೆಣ್ಣೆ. “ಕಾಯಿಲೆ ಫೋನೇ ವಾಸಿ ಮಾಡಿದೆಯಲ್ಲ, ನಾನ್ಯಾಕೆ?” ಎಂದು ಡಾಕ್ಟರಮ್ಮ ಬರೆದಿದ್ದರು.

ಬಣ್ಣ, ಹರವುಗಳನ್ನು ಫೋಟೋ ಹೇಗೋ ಹೇಳೀತು. ಸ್ಪರ್ಶ ಮಾತ್ರ ಅದರ ಕೈಲಾಗದ ಕೆಲಸ. ನಯವೋ ಒರಟೋ, ಮರಳಿನಂತೆ ತರಿತರಿಯೋ, ಬಿಸಿಯೋ ತಣ್ಣಗೋ, ಒಳಗೆ ನೀರಿದೆಯೋ ಗಟ್ಟಿಯೋ, ಇದನ್ನು ಬೆರಳೇ ಹೇಳಬೇಕು. ಕೈಗವಸು ತೊಟ್ಟೋ, ಆಮೇಲೆ ಕೈ ತೊಳೆದೋ, ಅವಳು ಊರಿನ ಎಲ್ಲರ ಮೈಯನ್ನೂ ಮುಟ್ಟಿ ನೋಡಿದ್ದಳು. ತನ್ನ ಗಂಡನ ಮೈಯೊಂದು ಬಿಟ್ಟು. ಅವನನ್ನು ಮುಟ್ಟಿ ಒಂದೂವರೆ ವರ್ಷವಾಗಿತ್ತು.

ಗಂಡ ಬೆಟ್ಟದ ಹೊಟ್ಟೆ ಕೊರೆದು ಸುರಂಗ ಮಾಡುವ ಕಡೆ ಯಂತ್ರ ನಡೆಸುತ್ತಿದ್ದ. ಅಲ್ಲಿಂದ ಕೆಳಗಿಳಿಯಲು ಕಂಪನಿಯ ವ್ಯಾನು ಬಿಟ್ಟರೆ ಗತಿಯಿಲ್ಲ. ರಜೆ ಸರದಿಯ ಮೇಲೆ. ಮೊದಲನೆಯ ಸರದಿ ಬಂದಾಗ ಯಂತ್ರ ಕೆಟ್ಟು ನಿಂತಿತು, ಇವನನ್ನು ಬಿಡಲಿಲ್ಲ. ಎರಡನೆಯದು ಬಂದಾಗ ದಾರಿಯೇ ಕುಸಿಯಿತು. ದಿನಾ ಫೋನು ಮಾಡುತ್ತಿದ್ದ, ನಿಜ. ಆದರೆ ಫೋನಿನ ಮಾತಿನಿಂದ ಹೊಟ್ಟೆ ತುಂಬೀತೇ? ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವನು ದಾರಿಗಡ್ಡವಾಗಿ ನಿಂತಿರಬೇಕು, ಇವಳು “ಸ್ವಲ್ಪ ಸರೀರಿ” ಎಂದು ಬೆನ್ನು ತಳ್ಳಬೇಕು. ಇದನ್ನು ನೆನೆಸಿಕೊಂಡು ಒಮ್ಮೊಮ್ಮೆ ಖಾಲಿ ಬಾಗಿಲ ಮುಂದೆಯೇ ಒಂದು ಗಳಿಗೆ ನಿಂತುಬಿಡುತ್ತಿದ್ದಳು.

ಮೂರನೆಯ ಸರದಿ ಹತ್ತಿರ ಬಂತು. ವ್ಯಾನು ಹೊರಡಲು ಇನ್ನು ಎರಡು ವಾರವಿದೆ ಎನ್ನುವಾಗ ಗಂಡ ಫೋನು ಮಾಡಿದ.

“ಏ, ಒಂದು ಸಣ್ಣ ವಿಷಯ. ಮೈಮೇಲೆ ಏನೋ ಎದ್ದಿದೆ. ಕೆರೆತ. ಇಲ್ಲಿ ಮೇಸ್ತ್ರಿ ನೋಡಿಬಿಟ್ಟ. ಡಾಕ್ಟರ್ ಚೀಟಿ ಇಲ್ದೆ ವ್ಯಾನ್ ಹತ್ತಿಸಲ್ಲ ಅಂತಾನೆ. ಇಲ್ಲಿ ಎಲ್ಲಿದಾರೆ ಡಾಕ್ಟರು? ನಿಮ್ಮ ಡಾಕ್ಟರಮ್ಮನ ಚೀಟಿ ನಡೆಯುತ್ತಂತೆ. ಸೆಕೆಗೆ ಎದ್ದಿರೋ ಬೆವರುಸಾಲೆ ಅಂತ ಒಂದು ಮಾತು ಬರೆದ್ಬಿಡು, ಮುಗೀತು.”

“ಅದು ಬೆವರುಸಾಲೆ ಅಂತ ನಿಮಗೆ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ಸುರಂಗದಲ್ಲಿ ಸೆಕೆ ಇದೆ, ಮೈಮೇಲೆ ಗುಳ್ಳೆ ಇದೆ.”

ಮನೆಯಲ್ಲಿ ಅತ್ತೆ ಇದ್ದರು, ಅವನ ತಾಯಿ. ಅವರ ಹತ್ತಿರ ಲೋಕದ ಎಲ್ಲ ಕಾಯಿಲೆಗೂ ಕಾರಣ ಸಿದ್ಧವಾಗಿರುತ್ತಿತ್ತು: ಉಷ್ಣ. ಕಣ್ಣು ಕೆಂಪಾದರೆ ಉಷ್ಣ, ಕಾಲು ಉಳುಕಿದರೂ ಉಷ್ಣ. “ಬೆವರುಸಾಲೆ ಅಂತ ಬರೆದ್ರೆ ನಿನ್ನ ಗಂಟೇನು ಹೋಗುತ್ತೆ? ಹೆತ್ತವಳು ನಾನು, ನನಗೆ ಗೊತ್ತಿಲ್ವಾ, ಅವನದು ಮೊದಲಿಂದಲೂ ಉಷ್ಣದ ಮೈ” ಎಂದರು. ಮಗನನ್ನು ನೋಡುವ ಆಸೆ ಅವರಿಗೂ ಕಡಿಮೆ ಇರಲಿಲ್ಲ. ದಿಂಬಿಗೆ ಹೊಸ ಗವಸು ಹೊಲಿಸಿ ಇಟ್ಟಿದ್ದರು.

ಸಿಸ್ಟರ್ ಬರೆಯಲಿಲ್ಲ. ಮೊದಲು ಡಾಕ್ಟರಮ್ಮನಿಗೆ ಫೋನು ಮಾಡಿ, ಈ ಸಲದ ರೋಗಿ ತನ್ನ ಗಂಡ ಎಂದು ಹೇಳಿಬಿಟ್ಟಳು. “ನಿಮ್ಮ ಮನೆಯವರಾ? ಹಾಗಾದ್ರೆ ಇನ್ನೂ ಜೋಪಾನವಾಗಿ ನೋಡಿ. ನಮ್ಮವರದ್ದು ಅಂದಾಗ ಕಣ್ಣು ಒಂದೋ ಹೆಚ್ಚು ನೋಡುತ್ತೆ, ಇಲ್ಲ ಕಡಿಮೆ ನೋಡುತ್ತೆ” ಎಂದರು ಡಾಕ್ಟರಮ್ಮ.

ಗಂಡನಿಗೆ ಫೋಟೋ ತೆಗೆಯುವುದನ್ನು ಕಲಿಸಲು ಅರ್ಧ ದಿನ ಹೋಯಿತು. ಮೊದಲು ಬಂದ ಫೋಟೋದಲ್ಲಿ ಅವನ ಹೊಟ್ಟೆಗಿಂತ ಹಿಂದಿನ ಹಗ್ಗದ ಮೇಲಿನ ಚಡ್ಡಿಯೇ ಸ್ಪಷ್ಟವಾಗಿತ್ತು. ಎರಡನೆಯದು ಕತ್ತಲು. ಮೂರನೆಯದರಲ್ಲಿ ಫೋಟೋ ತೆಗೆದವನ ಹೆಬ್ಬೆರಳು. ತೆಗೆಯುತ್ತಿದ್ದವನು ಅಲ್ಲಿ ಗಂಡನ ಕೋಣೆಯಲ್ಲೇ ಇರುತ್ತಿದ್ದ ಕುಳ್ಳ. ಗಂಡನಿಗಿಂತ ನಾಲ್ಕಾರು ವರ್ಷ ಚಿಕ್ಕವನು, ಸುರಂಗದಲ್ಲಿ ತಲೆ ಬಗ್ಗಿಸದೆ ನಡೆಯಬಲ್ಲ ಏಕೈಕ ಮನುಷ್ಯ. ಬೆಳಗಿನ ಬೆಳಕಿಗೆ ಹೊರಗೆ ನಿಲ್ಲಿಸಿ, ಹಿಂದೆ ಬಿಳಿ ಪಂಚೆ ಹಿಡಿಸಿ, ಓರೆ ಬೆಳಕಿಗೆ ತಿರುಗಿಸಿ, ಕೊನೆಗೂ ಸರಿಯಾದವು ಬಂದವು.

ಅವಳು ನೋಡಿದಳು. ಕೈಬೆರಳುಗಳ ಸಂದಿಯಲ್ಲಿ, ಮಣಿಕಟ್ಟಿನ ಒಳಭಾಗದಲ್ಲಿ, ಹೊಕ್ಕುಳ ಸುತ್ತ, ಸೊಂಟಪಟ್ಟಿ ಕೂರುವ ಜಾಗದಲ್ಲಿ ಸಾಸಿವೆ ಗಾತ್ರದ ಗುಳ್ಳೆಗಳು. ಬಣ್ಣ ಕಂದುಗೆಂಪು. ಬೆರಳ ಸಂದಿಯಲ್ಲಿ ಕೂದಲೆಳೆಯಂಥ ಬೂದು ಗೆರೆಗಳು, ಚೂರು ಸೊಟ್ಟಗೆ. ಅಲ್ಲಲ್ಲಿ ಉಗುರಿನಿಂದ ಕೆರೆದ ಗೀರು, ಅದರ ಮೇಲೆ ಒಣಗಿದ ಹಕ್ಕಳೆ. ಮುಖದ ಮೇಲೆ ಏನೂ ಇಲ್ಲ. ಬೆನ್ನಿನ ಮೇಲ್ಭಾಗ ಸ್ವಚ್ಛ.

ಮೂರನೆಯ ಸಾಲಿಗೆ ಬಂದಾಗ ಬೆರಳು ನಿಂತಿತು. ಸ್ಪರ್ಶ. ಯಾರು ಮುಟ್ಟಬೇಕು? ಹೊಟ್ಟೆಯನ್ನು ಅವನೇ ಮುಟ್ಟಿಕೊಂಡಾನು. ಸೊಂಟದ ಹಿಂಭಾಗಕ್ಕೆ ಅವನ ಕೈ ಸರಿಯಾಗಿ ಸಿಗದು, ಸಿಕ್ಕರೂ ಸುರಂಗದ ಕೆಲಸಕ್ಕೆ ಜಡ್ಡುಗಟ್ಟಿದ ಬೆರಳಿಗೆ ನಯವೂ ಒಂದೇ ಒರಟೂ ಒಂದೇ. ಫೋನಿನಲ್ಲಿ ಅವಳು ಹೇಳಿದಳು:

“ಕುಳ್ಳನ ಕೈಲಿ ಮುಟ್ಟಿಸಿ. ಬೆರಳ ತುದಿಯಿಂದ, ಮೆತ್ತಗೆ. ಆಮೇಲೆ ಸೋಪು ಹಾಕಿ ಕೈ ತೊಳೀಲಿ.”

“ಅಯ್ಯೋ, ಕಚಗುಳಿ ಆಗುತ್ತೆ ಕಣೇ!” ಗಂಡ ನಗುತ್ತಿದ್ದ. ಕುಳ್ಳನ ದನಿ ಕೇಳಿಸಿತು: “ಅತ್ತಿಗೇ, ತರಿತರಿ ಇದೆ. ರವೆ ಮೇಲೆ ಕೈ ಆಡಿಸಿದ ಹಾಗೆ. ಒಂದೊಂದು ಗಟ್ಟಿ. ಬಿಸಿ ಇಲ್ಲ.”

ಅವಳು ಹಾಗೇ ಬರೆದುಕೊಂಡಳು. ಮದುವೆಯಾದ ಹೆಂಡತಿ ಇಲ್ಲಿ ಕುರ್ಚಿಯ ಮೇಲೆ ಕೂತು ಬರೆಯುವುದು, ಯಾವನೋ ಕುಳ್ಳ ಅಲ್ಲಿ ಮುಟ್ಟಿ ಹೇಳುವುದು! ಆ ಕುಳ್ಳನ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು. ನಾಚಿಕೆಗೇಡು ಎಂದು ತನ್ನನ್ನೇ ಬೈದುಕೊಂಡಳು. ಬೈದುಕೊಂಡರೂ ಹೋಗಲಿಲ್ಲ.

ಹೆಸರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಇಂಥವನ್ನು ಹತ್ತಾರು ಕಂಡವಳು. ಆದರೂ ಬರೆಯಲಿಲ್ಲ. ಬೆವರುಸಾಲೆ ಎಂದೂ ಬರೆಯಲಿಲ್ಲ, ಇನ್ನೊಂದು ಎಂದೂ ಬರೆಯಲಿಲ್ಲ. ಅವಳೇ ಬರೆಯದ ಹೆಸರು ನಮಗೂ ಬೇಡ.

ಡಾಕ್ಟರಮ್ಮ ಕೋಣೆಯವರಿಗೆಲ್ಲ ಕೆರೆತವಿದೆಯೇ, ರಾತ್ರಿ ಹೊತ್ತು ಹೆಚ್ಚೇ ಎಂದು ಕೇಳಿದರು. ಇನ್ನಿಬ್ಬರಿಗೆ ಇತ್ತು. ಉತ್ತರ ಬಂತು: ಒಬ್ಬರಿಂದ ಒಬ್ಬರಿಗೆ ದಾಟುವಂಥದ್ದು. ಕೆರೆತ ಇರಲಿ ಬಿಡಲಿ, ಕೋಣೆಯ ಅಷ್ಟೂ ಜನ ಒಂದೇ ರಾತ್ರಿ ಕತ್ತಿನಿಂದ ಕಾಲ ಬೆರಳವರೆಗೆ ಮುಲಾಮು ಹಚ್ಚಬೇಕು, ಬೆಳಗ್ಗೆ ತೊಳೆಯಬೇಕು, ಹಾಸಿಗೆ ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯಬೇಕು. ವಾರ ಬಿಟ್ಟು ಮತ್ತೊಮ್ಮೆ. ಹೊರಡುವ ಮುನ್ನ ಹೊಸ ಫೋಟೋ. ಹೊಸ ಗುಳ್ಳೆ ಏಳದಿದ್ದರೆ ಚೀಟಿ.

“ಹಾಗಾದ್ರೆ ಉಷ್ಣ ಅಲ್ವಂತಾ?” ಎಂದು ಅತ್ತೆ ಕೇಳಿದರು. ಡಾಕ್ಟರಮ್ಮನ ವಿದ್ಯೆಯ ಮೇಲೆಯೇ ಅವರಿಗೆ ಅನುಮಾನ ಬಂದಿತ್ತು.

ಮುಲಾಮು ಬೆಟ್ಟದ ಮೇಲಕ್ಕೆ ಹೋಯಿತು. ಹಚ್ಚಿದ್ದಾಯಿತು, ತೊಳೆದದ್ದಾಯಿತು, ವಾರ ಬಿಟ್ಟು ಮತ್ತೆ ಹಚ್ಚಿದ್ದೂ ಆಯಿತು. ಅವಳು ಮನೆಯ ಪರದೆಗಳನ್ನೆಲ್ಲ ಒಗೆದಳು. ಅವನಿಗೆ ಹಿಡಿಸುವ ಗಟ್ಟಿ ಹಾಸಿಗೆಯನ್ನು ಬಿಸಿಲಿಗೆ ಹಾಕಿದಳು. ಬಸ್‌ಸ್ಟ್ಯಾಂಡಿಗೆ ಯಾವ ಸೀರೆಯಲ್ಲಿ ಹೋಗುವುದು ಎಂದು ಯೋಚಿಸಿ, ಇಷ್ಟು ವಯಸ್ಸಾದ ಮೇಲೆ ಇದೆಂಥ ಹುಚ್ಚು ಎಂದು ನಕ್ಕು, ಮತ್ತೆ ಅದನ್ನೇ ಯೋಚಿಸಿದಳು.

ವ್ಯಾನಿನ ಹಿಂದಿನ ದಿನ ಫೋಟೋಗಳು ಬಂದವು. ಕಿಟಕಿಯ ಕೋಣೆಯಲ್ಲಿ ಯಾರೂ ಇರಲಿಲ್ಲ. ಒಂದೊಂದನ್ನೇ ತೆರೆದಳು. ಕೈಬೆರಳ ಸಂದಿಗಳು ಅವನವೇ. ಎಡ ತೋರುಬೆರಳ ಉಗುರು ಒಡೆದದ್ದು ಅವನದೇ. ಅಲ್ಲಿ ಒಣ ಕಂದು ಕಲೆ ಬಿಟ್ಟರೆ ಏನಿಲ್ಲ. ಮುಂದಿನದು ಸೊಂಟದ ಹಿಂಭಾಗ. ದೂರದಿಂದ ಒಂದು, ಹತ್ತಿರದಿಂದ ಒಂದು, ಅಳತೆಪಟ್ಟಿ ಇಟ್ಟು, ಓರೆ ಬೆಳಕಲ್ಲಿ. ಇಷ್ಟು ಚೆನ್ನಾದ ಫೋಟೋ ಹಿಂದೆಂದೂ ಬಂದಿರಲಿಲ್ಲ. ಗುಳ್ಳೆಯ ಸುಳಿವೇ ಇಲ್ಲ. ಬರುತ್ತಾನೆ!

ಬರೆಯಲು ಶುರು ಮಾಡಿದಳು. ಬಣ್ಣ: ಸುತ್ತಲಿನ ಚರ್ಮದಂತೆಯೇ. ಹರವು: ಯಾವುದೂ ಕಾಣುವುದಿಲ್ಲ. ಅಷ್ಟರಲ್ಲಿ ರೂಢಿಯಂತೆ ಫೋಟೋವನ್ನು ಬೆರಳಿಂದ ಹಿಗ್ಗಿಸಿ ಮೂಲೆಯಿಂದ ಮೂಲೆಗೆ ಮತ್ತೊಮ್ಮೆ ನೋಡಿದಳು.

ಅವನ ಬೆನ್ನುಮೂಳೆಯ ಎಡಕ್ಕೆ, ಸೊಂಟದ ಗುಳಿಗಿಂತ ಚೂರು ಮೇಲೆ, ಒಂದು ಹುಟ್ಟುಮಚ್ಚೆಯಿತ್ತು. ಹುಣಿಸೆಬೀಜದ ಬಣ್ಣ, ಅದರ ಅರ್ಧ ಗಾತ್ರ. ಅವನಿಗೇ ಅದು ಕಂಡಿರಲಿಕ್ಕಿಲ್ಲ, ಯಾರಿಗೆ ತಮ್ಮ ಬೆನ್ನು ಕಾಣುತ್ತದೆ? ಎಷ್ಟೋ ವರ್ಷ ಅದರ ಮೇಲೆ ಬೆರಳಿಟ್ಟು ನಿದ್ದೆ ಹೋದವಳು ಇವಳು. ಈ ಫೋಟೋದಲ್ಲಿ ಆ ಜಾಗ ಬರಿದಾಗಿತ್ತು.

ಅವಳು ಕುರ್ಚಿಗೆ ಒರಗಿದಳು.

ಯೋಚನೆ ಮಾಡಿ ನೋಡಿ, ಅವಳ ಕಷ್ಟ ಎಂಥದ್ದು. ಅವಳು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಫೋಟೋದಲ್ಲಿ ಗುಳ್ಳೆ ಇಲ್ಲ. ಇಲ್ಲ ಎಂದು ಬರೆದಿದ್ದಾಳೆ. ಕಂಡದ್ದನ್ನು ಮಾತ್ರ ಬರೆಯಿರಿ ಎಂದವರು ಡಾಕ್ಟರಮ್ಮ. ಯಾರ ಬೆನ್ನು ಎಂದು ಆ ಮೂರು ಸಾಲಿನಲ್ಲಿ ಯಾರೂ ಕೇಳಿಲ್ಲ. ಕಳಿಸುವ ಗುಂಡಿ ಒತ್ತಿದರೆ ಸಂಜೆಗೆ ಚೀಟಿ, ಬೆಳಗ್ಗೆ ವ್ಯಾನು, ನಾಳಿದ್ದು ಅಡುಗೆಮನೆಯ ಬಾಗಿಲಲ್ಲಿ ಅವನು. ಒಂದೂವರೆ ವರ್ಷದ ಹಸಿವು ಒಂದು ಬೆರಳಿನ ದೂರದಲ್ಲಿತ್ತು. ಒತ್ತಬೇಕು ಅನ್ನಿಸಲಿಲ್ಲ ಎಂದರೆ ಸುಳ್ಳಾಗುತ್ತದೆ. ಬೆರಳು ಗುಂಡಿಯ ಮೇಲೆ ಹೋಗಿಯೂ ಇತ್ತು.

ಆದರೆ ವ್ಯಾನಿನಲ್ಲಿ ಹತ್ತಾರು ಜನ ಮೈಗೆ ಮೈ ತಾಗಿಸಿ ಕೂರುತ್ತಾರೆ. ಅವರವರ ಮನೆಯಲ್ಲಿ ಅವರವರ ಮಕ್ಕಳು. ಇಲ್ಲಿ ವಯಸ್ಸಾದ ಅತ್ತೆ. ಅದೆಲ್ಲ ಹಾಗಿರಲಿ, ಇವಳಿಗೆ ಸಿಟ್ಟೂ ಬಂದಿತ್ತು. ಗಂಡನಿಗೆ ಫೋನು ಮಾಡಿದಳು.

“ರೀ, ಇದು ಯಾರ ಬೆನ್ನು?”

“ಯಾರದ್ದು ಅಂದ್ರೆ? ನನ್ನದೇ.”

“ನಿಮ್ಮ ಬೆನ್ನು ನನಗೆ ಗೊತ್ತಿಲ್ವಾ? ಎಡಗಡೆ ಮಚ್ಚೆ ಎಲ್ಲಿ ಹೋಯ್ತು?”

“ಎಂಥ ಮಚ್ಚೆ?” ಎಂದ ಅವನು, ನಿಜವಾಗಿಯೂ ಗೊತ್ತಿಲ್ಲದೆ. ಆಮೇಲೆ ಸಣ್ಣ ದನಿಯಲ್ಲಿ, “ಕುಳ್ಳಂದು” ಎಂದ. “ಅವನದು ಪೂರ್ತಿ ಹೋಗಿದೆ. ನನ್ನದು ಸೊಂಟದಲ್ಲಿ ಇನ್ನೂ ಸ್ವಲ್ಪ ಇದೆ. ಎರಡನೇ ಸಲ ಅಲ್ಲಿ ಸರಿಯಾಗಿ ಹಚ್ಚಿಕೊಳ್ಳಲೇ ಇಲ್ಲ ಕಣೇ, ಕೈಗೆಟಕಲ್ಲ, ಕುಳ್ಳ ಪಾಳಿಗೆ ಹೋಗಿದ್ದ. ಈ ವ್ಯಾನ್ ಬಿಟ್ರೆ ನನ್ನ ಸರದಿ ಕೊನೆಗೆ ಹೋಗುತ್ತೆ. ಇನ್ನೂ ನಾಲ್ಕು ತಿಂಗಳು. ನಿನ್ನ ನೋಡ್ಬೇಕು ಅನ್ನಿಸ್ತು. ಅಷ್ಟೇ.”

ಅವಳು ಬೈಯಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡಳು.

“ನನಗೆ ಅನ್ನಿಸಲ್ವಾ? ದಿನಾ ಅನ್ನಿಸುತ್ತೆ ರೀ. ಆದ್ರೆ ಕಂಡೋರ ಬೆನ್ನು ತೋರಿಸಿ ನಿಮ್ಮನ್ನ ಕರೆಸಿಕೊಂಡು ನಾನೇನು ಮಾಡ್ಲಿ? ನಿಮ್ಮದೇ ಕಳಿಸಿ. ಹೇಗಿದೆಯೋ ಹಾಗೆ.”

ಕಳಿಸಿದ. ಮಚ್ಚೆ ಇತ್ತು. ಅದರ ಸುತ್ತ, ಸೊಂಟದ ಎರಡೂ ಪಕ್ಕಕ್ಕೆ, ಹೊಸ ಗುಳ್ಳೆಗಳೂ ಇದ್ದವು. ಬಣ್ಣ ಕಂದುಗೆಂಪು, ಒಂದೆರಡರ ಪಕ್ಕದಲ್ಲಿ ಬೂದು ಗೆರೆ. ಕೈ, ಹೊಟ್ಟೆ, ಮಣಿಕಟ್ಟಿನವು ಒಣಗಿ ಕಂದಾಗಿವೆ. ಕುಳ್ಳ ಮುಟ್ಟಿ ಹೇಳಿದಂತೆ: ಸೊಂಟದಲ್ಲಿ ತರಿತರಿ, ಉಳಿದ ಕಡೆ ಒಣ ಸಿಪ್ಪೆ. ಅವಳು ಎಲ್ಲವನ್ನೂ ಬರೆದಳು, ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಹಿಂದಿನದನ್ನು ಅಳಿಸಿ ಇದನ್ನು ಕಳಿಸಿದಳು. ಮತ್ತೊಮ್ಮೆ ಎಲ್ಲರೂ ಕೂಡಿ ಹಚ್ಚಬೇಕು, ಬೆನ್ನಿಗೆ ಇನ್ನೊಬ್ಬರು ಹಚ್ಚಬೇಕು, ಇವರು ಈ ವ್ಯಾನಿಗೆ ಬೇಡ, ಎಂದು ಡಾಕ್ಟರಮ್ಮ ಬರೆದರು. ಕೆಳಗೆ ಇನ್ನೊಂದು ಸಾಲು ಇತ್ತು: “ಸಿಸ್ಟರ್, ನನಗೂ ಬೇಜಾರಾಯ್ತು.”

ಗಂಡನ ಸರದಿ ಕೊನೆಗೆ ಹೋಯಿತು, ಎರಡು ವಾರ ಬಿಟ್ಟು ಹೊರಟ ಮುಂದಿನ ವ್ಯಾನಿನ ಸರದಿ ಕುಳ್ಳನದಾಯಿತು. ಅವನದೂ ಫೋಟೋ ನೋಡಿ, ಈ ಸಲ ಅವನದೇ ಹೆಸರಿನಲ್ಲಿ, ಡಾಕ್ಟರಮ್ಮ ಚೀಟಿ ಕೊಟ್ಟಿದ್ದರು. ಅವನ ಊರು ಇದೇ ದಾರಿಯಲ್ಲಿ ಮುಂದೆ. ಬಸ್ಸು ಬದಲಿಸುವ ನಡುವೆ, ಗಂಡ ಕೊಟ್ಟ ಒಂದು ಚೀಲ ಹಿಡಿದು ಆಸ್ಪತ್ರೆಯ ಬಾಗಿಲಲ್ಲಿ ನಿಂತ. ಫೋನಿನಲ್ಲಿ ಬಾಯಿ ಬಡಾಯಿಯವನು, ಎದುರಿಗೆ ತಲೆಯೇ ಎತ್ತಲೊಲ್ಲ.

“ಅತ್ತಿಗೆ, ತಪ್ಪಾಯ್ತು. ಅಣ್ಣ ಕೇಳ್ಕೊಂಡ. ಬೆನ್ನು ತಾನೇ ಅಂತ ಕೊಟ್ಟೆ.”

“ಒಳಗೆ ಬನ್ನಿ” ಎಂದಳು. ಕಿಟಕಿಯ ಹತ್ತಿರದ ಕುರ್ಚಿಯಲ್ಲೇ ಕೂರಿಸಿದಳು. ಅವನ ಬೆರಳುಗಳು ಮೊಣಕಾಲ ಮೇಲಿದ್ದವು. ಮೋಟು, ದಪ್ಪ, ಉಗುರಲ್ಲಿ ಕಲ್ಲಿನ ಪುಡಿ. ಅವಳು ಅವನ್ನೇ ನೋಡುತ್ತಿದ್ದಳು.

“ಹೇಗಿದ್ದಾರೆ?”

“ಚೆನ್ನಾಗಿದ್ದಾನೆ ಅತ್ತಿಗೆ. ಎಲ್ಲ ವಾಸಿ ಆಗ್ತಾ ಇದೆ.”

“ಹಾಗಲ್ಲ. ನೀವು ಹೊರಡೋ ಮುಂಚೆ ಬೆನ್ನಿಗೆ ನೀವೇ ತಾನೇ ಹಚ್ಚಿದ್ದು? ಹೇಗಿತ್ತು ಹೇಳಿ. ಬಣ್ಣ ಹೇಗಿತ್ತು?”

ಕುಳ್ಳ ನೆಟ್ಟಗೆ ಕೂತ. ಪರೀಕ್ಷೆಗೆ ಕೂತವನ ಹಾಗೆ ಕಣ್ಣು ಮುಚ್ಚಿ ನೆನಪು ಮಾಡಿಕೊಂಡ. “ಕಂದು. ಮೊದಲಿನ ಕೆಂಪು ಕಮ್ಮಿ ಆಗಿದೆ. ಪಕ್ಕದಲ್ಲೆಲ್ಲ ಹೋಗಿದೆ, ನಡುವಲ್ಲಿ ಅಷ್ಟೇ ಉಳಿದಿರೋದು. ಮಚ್ಚೆ ಸುತ್ತ.”

“ಮುಟ್ಟಿದ್ರೆ?”

“ತರಿ ಇಲ್ಲ. ನಯ ಆಗ್ತಿದೆ. ಬೆಳಗ್ಗೆ ಹೊತ್ತು ತಣ್ಣಗಿರುತ್ತೆ, ಪಾಳಿ ಮುಗಿಸಿ ಬಂದಾಗ ಬೆಚ್ಚಗೆ.” ಅವನು ಕಣ್ಣು ತೆರೆದ. ಮೇಜಿನ ಮೇಲೆ ಫೋನು ಬೋರಲು ಬಿದ್ದಿತ್ತು. “ಅತ್ತಿಗೆ, ಬರ್ಕೊಳ್ಳಲ್ವಾ? ಡಾಕ್ಟರಮ್ಮಂಗೆ ಕಳಿಸ್ಬೇಕಲ್ಲ?”

“ಇದು ಡಾಕ್ಟರಮ್ಮಂಗಲ್ಲ” ಎಂದಳು ಅವಳು. “ಇನ್ನೊಂದ್ಸಲ ಹೇಳಿ.”